ವಾರಕ್ಕೊಂದು ಮಾತ್ರೆ, ಅದೂ ಆರು ತಿಂಗಳು ಏಕೆ?

ಮತ್ತೆ ಮತ್ತೆ ಬರುವ ಯೋನಿಯ ಯೀಸ್ಟ್ ಸೋಂಕಿಗೆ ಸ್ತ್ರೀರೋಗ ತಜ್ಞರು ಬರೆದುಕೊಡುವ ಚೀಟಿ ನೋಡಿ ಗಾಬರಿಯಾಗುವವರಿದ್ದಾರೆ. ಫ್ಲುಕೊನಜೋಲ್ 150 ಮಿಲಿಗ್ರಾಂ: ಮೊದಲು ಮೂರು ದಿನಕ್ಕೊಂದರಂತೆ ಮೂರು ಮಾತ್ರೆ, ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು. ಹಿಂದಿನ ಸಲ ಒಂದೇ ಮಾತ್ರೆಗೆ ತುರಿಕೆ, ಉರಿ ಎಲ್ಲ ಹೋಗಿತ್ತಲ್ಲ, ಈಗ ಇಷ್ಟು ದಿನ ಯಾಕೆ?

ಈ ಮಾತ್ರೆಯ ಸ್ವಭಾವದಲ್ಲೇ ಅರ್ಧ ಉತ್ತರವಿದೆ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನಲ್ಲಿದ್ದ ಫೈಜರ್ ಪ್ರಯೋಗಾಲಯದಲ್ಲಿ ಕೆನ್ ರಿಚರ್ಡ್‌ಸನ್ ಅವರ ತಂಡ ಫ್ಲುಕೊನಜೋಲನ್ನು ರೂಪಿಸಿತು. 1990ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 30 ಗಂಟೆ ಬೇಕು. ನುಂಗಿದ ಒಂದು ಮಾತ್ರೆ ಯೋನಿಯ ಸ್ರಾವದಲ್ಲಿ ಮೂರು ದಿನವಾದರೂ ಕೆಲಸಕ್ಕೆ ಬರುವಷ್ಟು ಉಳಿದಿರುತ್ತದೆ. ಹಾಗಾಗಿಯೇ ಅಪರೂಪಕ್ಕೊಮ್ಮೆ ಬರುವ ಸೋಂಕಿಗೆ ಒಂದೇ ಡೋಸ್ ಸಾಕು. ಆದರೆ ಇದು ಕ್ಯಾಂಡಿಡಾ ಶಿಲೀಂಧ್ರವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದರ ಬೆಳವಣಿಗೆಯನ್ನು ತಡೆಯುತ್ತದೆ. ತುರಿಕೆ ನಿಂತ ಮೇಲೂ ಅಲ್ಲಿ ಸ್ವಲ್ಪ ಶಿಲೀಂಧ್ರ ಉಳಿಯಬಹುದು. ಕೆಲವು ಹೆಂಗಸರಲ್ಲಿ ಅಷ್ಟೇ ಮತ್ತೆ ಹೆಚ್ಚಿಕೊಳ್ಳುತ್ತದೆ.

ದೀರ್ಘಕಾಲ ಔಷಧ ಕೊಟ್ಟು ಇದನ್ನು ತಡೆಹಿಡಿಯುವ ಯೋಚನೆ ಫ್ಲುಕೊನಜೋಲಿಗಿಂತ ಹಳೆಯದು. ಅಮೆರಿಕದ ವೈದ್ಯ ಜಾಕ್ ಸೋಬೆಲ್ 1986ರಲ್ಲೇ ದಿನಕ್ಕೆ 100 ಮಿಲಿಗ್ರಾಂ ಕೀಟೋಕೊನಜೋಲ್ ಅನ್ನು ಆರು ತಿಂಗಳು ಕೊಟ್ಟು ನೋಡಿದ್ದರು. ನುಂಗುವಷ್ಟು ದಿನ ಸೋಂಕು ಹತೋಟಿಯಲ್ಲಿತ್ತು. ಆದರೆ ಆ ಔಷಧ ಯಕೃತ್ತಿಗೆ ತೊಂದರೆ ಕೊಡಬಲ್ಲದು, ಜೊತೆಗೆ ದಿನವೂ ನುಂಗಬೇಕು. ದೇಹದಿಂದ ನಿಧಾನವಾಗಿ ಹೊರಹೋಗುವ ಫ್ಲುಕೊನಜೋಲ್ ಬಂದ ಮೇಲೆ ವಾರಕ್ಕೊಮ್ಮೆ ಕೊಡುವ ದಾರಿ ತೆರೆಯಿತು.

ಇಂದಿನ ಚೀಟಿಗೆ ಮುಖ್ಯ ಆಧಾರ 2004ರಲ್ಲಿ ಸೋಬೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಮೊದಲು ಮೂರು ಡೋಸ್ ಕೊಟ್ಟು ಸೋಂಕನ್ನು ಅಡಗಿಸಿ, ಆಮೇಲೆ 387 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಂದು ಫ್ಲುಕೊನಜೋಲ್, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ. ಆರು ತಿಂಗಳ ಕೊನೆಗೆ ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 91 ಮಂದಿಗೆ ಸೋಂಕು ಮರಳಿರಲಿಲ್ಲ. ಇನ್ನೊಂದು ಗುಂಪಿನಲ್ಲಿ ಅಂಥವರು 36 ಮಂದಿ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಮಾತ್ರೆ ನಿಲ್ಲಿಸಿದ ನಂತರದ ಆರು ತಿಂಗಳು. ವರ್ಷದ ಕೊನೆಗೆ 91 ಇದ್ದದ್ದು 43ಕ್ಕೆ ಇಳಿಯಿತು. ಇದು ತಡೆಹಿಡಿಯುವ ಚಿಕಿತ್ಸೆ, ಬುಡಸಮೇತ ಗುಣಪಡಿಸುವುದಲ್ಲ. ಚೀಟಿ ಕೊಡುವಾಗಲೇ ಈ ಮಾತನ್ನೂ ಹೇಳಬೇಕು. ಹೇಳದಿದ್ದರೆ ಏಳನೇ ತಿಂಗಳು ತುರಿಕೆ ಮರಳಿದಾಗ ಆಕೆ ತನ್ನ ಶುಚಿತ್ವವನ್ನೋ ಗಂಡನನ್ನೋ ಶಂಕಿಸುತ್ತಾ ಕೂರುತ್ತಾಳೆ.

ವರ್ಷದಲ್ಲಿ ನಾಲ್ಕು ಸಲ ಸೋಂಕಾದ ಒಬ್ಬಾಕೆಯ ಉದಾಹರಣೆ ಇಟ್ಟುಕೊಳ್ಳಿ. ಸೋಮವಾರ, ಗುರುವಾರ, ಭಾನುವಾರ ತಲಾ ಒಂದು ಮಾತ್ರೆ. ತುರಿಕೆ, ಮೊಸರಿನಂಥ ಬಿಳಿ ಸ್ರಾವ ಪೂರ್ತಿ ನಿಂತಿದೆ ಎಂದು ಖಚಿತವಾದ ಮೇಲೆ ಪ್ರತಿ ಭಾನುವಾರ ಒಂದರಂತೆ, ಸುಮಾರು 26 ವಾರ. ನಿಲ್ಲಿಸಿದ ಕೆಲವು ತಿಂಗಳಿಗೆ ಸೋಂಕು ಮರಳಿದರೆ ಮೊದಲಿನಿಂದ ಆರಂಭಿಸಿ, ಈ ಬಾರಿ ಹೆಚ್ಚು ಕಾಲ ಮುಂದುವರಿಸುವುದುಂಟು. ಬೆಲ್ಜಿಯಂನ ಡೋಂಡರ್ಸ್ ತಂಡ 2008ರಲ್ಲಿ ಬೇರೆ ದಾರಿ ತೋರಿಸಿತು: 200 ಮಿಲಿಗ್ರಾಂ ಮಾತ್ರೆಯನ್ನು ಮೊದಲು ವಾರಕ್ಕೊಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ, ಹೀಗೆ ವರ್ಷದುದ್ದಕ್ಕೂ ಇಳಿಸುತ್ತಾ ಹೋಗುವುದು.

ವಾರದ ಮಾತ್ರೆ ತಪ್ಪದೆ ನುಂಗುತ್ತಿರುವಾಗಲೇ ತುರಿಕೆ ಮರಳಿದರೆ ವಿಷಯ ಬೇರೆ. ಆಗ ಡೋಸ್ ಏರಿಸುವ ಮೊದಲು ಸ್ರಾವವನ್ನು ಕಲ್ಚರ್‌ಗೆ ಕಳಿಸಬೇಕು. ಅದು ಕ್ಯಾಂಡಿಡಾ ಗ್ಲಾಬ್ರಾಟಾ ಆಗಿರಬಹುದು. ಅದಕ್ಕೆ ಈ ಔಷಧ ಅಷ್ಟಾಗಿ ನಾಟುವುದಿಲ್ಲ. ಅದಕ್ಕೆ 600 ಮಿಲಿಗ್ರಾಂ ಬೋರಿಕ್ ಆಸಿಡ್ ಕ್ಯಾಪ್ಸೂಲನ್ನು ದಿನಕ್ಕೊಂದರಂತೆ ಎರಡು ವಾರ ಯೋನಿಯೊಳಗೆ ಇಡಲು ಹೇಳುತ್ತಾರೆ. ಬಾಯಿಗೆ ಹೋದರೆ ಅದು ವಿಷ. ಸೋಂಕೇ ಯೀಸ್ಟಿನದಲ್ಲದೆಯೂ ಇರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಂದು ನುಂಗುವವರಿಗೆ ಇದು ಗೊತ್ತಾಗದೆ ಹೋಗುವುದೇ ದೊಡ್ಡ ನಷ್ಟ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದರೆ, ಅಥವಾ ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ನುಂಗುತ್ತಿದ್ದರೆ, ವೈದ್ಯರಿಗೆ ಅದನ್ನೂ ಹೇಳಬೇಕು.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಫ್ಲುಕೊನಜೋಲ್ ಅದರ ಪ್ರಭಾವವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಗರ್ಭಿಣಿಯರಿಗೆ ಈ ಮಾತ್ರೆ ಬೇಡ. ಏಳು ದಿನ ಒಳಗೆ ಹಚ್ಚುವ ಕ್ಲೋಟ್ರಿಮಜೋಲ್‌ನಂಥ ಔಷಧ ಕೊಡುತ್ತಾರೆ. ಆರು ತಿಂಗಳ ನಡುವೆ ಮುಟ್ಟು ತಪ್ಪಿದರೆ ಆ ವಾರದ ಮಾತ್ರೆ ನುಂಗುವ ಮೊದಲೇ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು. ಮರುಕಳಿಸುವ ಸೋಂಕಿಗೆಂದೇ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಪಡೆದ ಓಟೆಸೆಕೊನಜೋಲ್ ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಕಾರಣಕ್ಕೇ ಅದನ್ನು ಗರ್ಭ ಧರಿಸುವ ಸಾಧ್ಯತೆ ಇಲ್ಲದವರಿಗೆ ಮಾತ್ರ ಕೊಡಬೇಕೆಂದು ವಿಧಿಸಲಾಗಿದೆ.