ಗೆರೆಯ ಬಾಲಕ್ಕೆ ಎಷ್ಟು ಜನರ ಆಸರೆ?

ಮೆಟ್ಟಿಲುಮೆಟ್ಟಿಲಾಗಿ ಇಳಿದ ಗೆರೆ 23ನೇ ವಾರದಲ್ಲಿ ಶೇ. 45ರ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ 35ನೇ ವಾರದವರೆಗೆ ಅಲುಗಾಡದೆ ಮಟ್ಟಸವಾಗಿ ಸಾಗುತ್ತದೆ. ನೋಡಿದವರಿಗೆ ಅಷ್ಟು ಮಂದಿಗೆ ರೋಗ ಪೂರ್ತಿ ವಾಸಿಯಾಯಿತೇನೋ ಎನ್ನಿಸಬೇಕು. ಆದರೆ 35ನೇ ವಾರದಲ್ಲಿ ಆ ಗೆರೆಯ ಹಿಂದೆ ಉಳಿದಿದ್ದವರು ಒಬ್ಬರೇ ಒಬ್ಬ ರೋಗಿ. ಈ ಸಂಗತಿ ಗೆರೆಯಲ್ಲಿ ಕಾಣುವುದಿಲ್ಲ. ಅದನ್ನು ಹೇಳಬೇಕಾದದ್ದು ಚಿತ್ರದ ಕೆಳಗಿನ ಅಂಕಿಸಾಲು, ಅದನ್ನು ವಿವರಿಸುವ ಅಡಿಬರಹ.

ಅಮೆರಿಕದ ವೈದ್ಯ ಎಮಿಲ್ ಫ್ರೈರೈಕ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪ್ರಯೋಗದ ಅಂಕಿಗಳಿವು. ತೀವ್ರ ರಕ್ತಕ್ಯಾನ್ಸರ್ ತಾತ್ಕಾಲಿಕವಾಗಿ ಹತೋಟಿಗೆ ಬಂದಿದ್ದ 42 ಎಳೆಯ ರೋಗಿಗಳಲ್ಲಿ 21 ಮಂದಿಗೆ 6-ಎಂಪಿ ಎಂಬ ಔಷಧ, ಉಳಿದ 21 ಮಂದಿಗೆ ಔಷಧವಿಲ್ಲದ ಹುಸಿಗುಳಿಗೆ. ರೋಗ ಮರುಕಳಿಸಲು ಎಷ್ಟು ವಾರ ಹಿಡಿಯಿತು ಎಂಬುದೇ ಪ್ರಶ್ನೆ. ಎಡ್ವರ್ಡ್ ಕಾಪ್ಲಾನ್ ಮತ್ತು ಪಾಲ್ ಮೇಯರ್ 1958ರಲ್ಲಿ ಕೊಟ್ಟ ವಿಧಾನವನ್ನು ಕಲಿಸಲು ಪಠ್ಯಪುಸ್ತಕಗಳು ಇವತ್ತಿಗೂ ಈ 42 ಮಂದಿಯ ಲೆಕ್ಕವನ್ನೇ ಹಿಡಿಯುತ್ತವೆ.

ಆ ಚಿತ್ರಕ್ಕೆ ಅಡಿಬರಹ ಬರೆಯುವುದಾದರೆ ಹೀಗಿರಬಹುದು:

“ತೀವ್ರ ರಕ್ತಕ್ಯಾನ್ಸರ್‌ನ 42 ರೋಗಿಗಳಲ್ಲಿ ರೋಗ ಮರುಕಳಿಸದೆ ಉಳಿದವರ ಪ್ರಮಾಣ; ಕಾಪ್ಲಾನ್-ಮೇಯರ್ ಅಂದಾಜು. ತುಂಬುಗೆರೆ 6-ಎಂಪಿ (21 ಮಂದಿ, 9 ಮರುಕಳಿಕೆ), ತುಂಡುಗೆರೆ ಹುಸಿಗುಳಿಗೆ (21 ಮಂದಿ, 21 ಮರುಕಳಿಕೆ). + ಗುರುತು: ಕೊನೆಯ ತಪಾಸಣೆಯವರೆಗೂ ಮರುಕಳಿಸದವರು. ಕೆಳಗಿನ ಅಂಕಿಗಳು: ಆಯಾ ವಾರ ಶುರುವಾಗುವಾಗ ಮರುಕಳಿಕೆಯಿಲ್ಲದೆ ಇನ್ನೂ ನಿಗಾದಲ್ಲಿದ್ದವರು. ಮಧ್ಯಕ ಅವಧಿ 23 ಮತ್ತು 8 ವಾರ. ಲಾಗ್-ರ್ಯಾಂಕ್ ಪರೀಕ್ಷೆ: χ² = 16.8, p < 0.0001.”

ಇದರಲ್ಲಿ ಓದುಗರು ಎಡವುವುದು + ಗುರುತಿನಲ್ಲಿ. ಸಂಖ್ಯಾಶಾಸ್ತ್ರದವರು ಇದನ್ನು ‘ಸೆನ್ಸಾರ್’ ಎನ್ನುತ್ತಾರೆ. ಸಿನಿಮಾದ ಕತ್ತರಿಗೂ ಇದಕ್ಕೂ ಸಂಬಂಧವಿಲ್ಲ. ಆರನೇ ವಾರದವರೆಗೆ ಚೆನ್ನಾಗಿದ್ದು ಆಮೇಲೆ ನಿಗಾಕ್ಕೆ ಸಿಗದ ರೋಗಿಗೆ ಏಳನೇ ವಾರದಲ್ಲಿ ಏನಾಯಿತೋ ಗೊತ್ತಿಲ್ಲ. ಹಾಗಾಗಿ ಆರು ವಾರದ ಮಟ್ಟಿಗೆ ಲೆಕ್ಕಕ್ಕುಂಟು, ಅದರಾಚೆ ಇಲ್ಲ. ಅಂಥ ಕಡೆ ಗೆರೆ ಇಳಿಯುವುದಿಲ್ಲ, ಗುರುತು ಮಾತ್ರ ಬೀಳುತ್ತದೆ. 6-ಎಂಪಿ ಗುಂಪಿನಲ್ಲಿ ಇಂಥವರು 12 ಮಂದಿ.

ಈಗ ಅಂಕಿಸಾಲು:

```
ವಾರ          0   10   20   30
6-ಎಂಪಿ       21   15    8    4
ಹುಸಿಗುಳಿಗೆ    21    8    2    0
```

ಈ ಸಾಲು ಬರೀ ಅಲಂಕಾರವಲ್ಲ, ಚಿತ್ರವನ್ನು ತಾಳೆ ನೋಡುವ ಉಪಾಯ. 6-ಎಂಪಿ ಗುಂಪಿನಲ್ಲಿ 10ನೇ ವಾರದ ಹೊತ್ತಿಗೆ 21 ಹೋಗಿ 15 ಆಯಿತು, ಅಂದರೆ ಆರು ಮಂದಿ ಕಡಿಮೆ. ಗೆರೆಯನ್ನು ನೋಡಿದರೆ ಆರನೇ ವಾರದಲ್ಲಿ ಮೂರು ಮರುಕಳಿಕೆ, ಏಳರಲ್ಲಿ ಒಂದು. ಆರು ಮತ್ತು ಒಂಬತ್ತನೇ ವಾರದಲ್ಲಿ ಒಂದೊಂದು + ಗುರುತು. ನಾಲ್ಕೂ ಎರಡೂ ಆರು, ಸರಿಹೋಯಿತು. ಹೀಗೆ ಕೂಡಿಬರದಿದ್ದರೆ ಗುರುತು ಬಿಟ್ಟುಹೋಗಿದೆ, ಇಲ್ಲವೇ ‘ವಾರದ ಆರಂಭ’ ಮತ್ತು ‘ವಾರದ ಕೊನೆ’ ಕಲಸಿಹೋಗಿವೆ. ಅಡಿಬರಹ ಆ ಪದವನ್ನು ಬಿಡಿಸಿ ಹೇಳಬೇಕಾದದ್ದು ಇದಕ್ಕೇ.

ಲಾಗ್-ರ್ಯಾಂಕ್ ಪರೀಕ್ಷೆಯೂ ಇದೇ ಅಂಕಿಗಳ ಮೇಲೆ ನಿಂತಿದೆ. ಔಷಧದಿಂದ ಏನೂ ವ್ಯತ್ಯಾಸವಿಲ್ಲ ಎಂದು ಇಟ್ಟುಕೊಂಡು, ಪ್ರತಿಯೊಂದು ಮರುಕಳಿಕೆಯನ್ನೂ ಆ ವಾರ ಎರಡು ಗುಂಪಿನಲ್ಲಿ ಉಳಿದವರ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ. ಒಟ್ಟು 30 ಮರುಕಳಿಕೆಗಳಲ್ಲಿ 6-ಎಂಪಿ ಪಾಲಿಗೆ 19.25 ಬರಬೇಕಿತ್ತು, ಬಂದದ್ದು 9. ಹುಸಿಗುಳಿಗೆಯವರಿಗೆ 10.75 ಬರಬೇಕಿದ್ದಲ್ಲಿ 21 ಬಂತು. ಈ ಅಂತರವನ್ನೇ 16.8 ಎಂಬ ಅಂಕಿ ಅಳೆಯುತ್ತದೆ. ಪರೀಕ್ಷೆಯ ಹೆಸರೇ ಇಲ್ಲದೆ p ಮಾತ್ರ ಬರೆದರೆ ಅದು ಯಾವ ಹೋಲಿಕೆಯದೆಂದು ತಿಳಿಯದು. ‘p = 0.000’ ಎಂದು ಬರೆಯುವುದಂತೂ ತಪ್ಪೇ. ಸಾಫ್ಟ್‌ವೇರ್ ಮೂರು ದಶಾಂಶಕ್ಕೆ ನಿಲ್ಲಿಸಿದ್ದನ್ನು ಸೊನ್ನೆ ಎಂದು ನಂಬಿದಂತೆ.

ಗೆರೆಗಳು ನಡುವೆ ಒಂದನ್ನೊಂದು ದಾಟಿದರೆ ಈ ಪರೀಕ್ಷೆ ಮಂಕಾಗುತ್ತದೆ. ಮೊದಲು ಕಂಡ ಲಾಭ ಆಮೇಲಿನ ನಷ್ಟಕ್ಕೆ ವಜಾ ಆಗಿ, ವ್ಯತ್ಯಾಸವೇ ಇಲ್ಲವೆಂಬ ಉತ್ತರ ಬರಬಹುದು. ಇಲ್ಲಿ ಆ ತೊಂದರೆಯಿಲ್ಲ, ಬೇರೊಂದಿದೆ. ಫ್ರೈರೈಕ್ ತಂಡ ರೋಗಿಗಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿತ್ತು. ಮೇಲಿನ ಲೆಕ್ಕ ಅದನ್ನು ಗಣಿಸಿಲ್ಲ. ಅಡಿಬರಹಕ್ಕೆ ‘ಜೋಡಿ ಪರಿಗಣಿಸಿಲ್ಲ’ ಎಂಬ ಎರಡು ಪದ ಸೇರಿಸಲೇಬೇಕು. ಜೋಡಿಗಳನ್ನೇ ಎಣಿಸಿದರೂ ತೀರ್ಪು ಬದಲಾಗುವುದಿಲ್ಲ: 21 ಜೋಡಿಗಳ ಪೈಕಿ 18ರಲ್ಲಿ ರೋಗ ಹೆಚ್ಚು ಕಾಲ ದೂರ ಉಳಿದದ್ದು 6-ಎಂಪಿ ಪಡೆದವರಲ್ಲೇ.