19 ಕೋಟಿ 73 ಲಕ್ಷಕ್ಕೆ ನಿಲ್ಲಬೇಕಿದ್ದ ಅಮೆರಿಕ

ಗಣಿತದ ವಿದ್ಯಾರ್ಥಿಗಳಿಗೆ ಕೊಡುವ ಮಾಡೆಲಿಂಗ್ ಅಸೈನ್‌ಮೆಂಟ್‌ಗಳಲ್ಲಿ ಒಂದು ದೇಶದ ಜನಸಂಖ್ಯೆಗೆ ಅವಕಲ ಸಮೀಕರಣದ ಮಾದರಿ ಕಟ್ಟುವುದು ಹಳೆಯ ರೂಢಿ. ಎರಡನೇ ಪುಟದಲ್ಲಿ ‘ಪೂರ್ವಕಲ್ಪನೆಗಳು’ ಎಂಬ ತಲೆಬರಹದಡಿ ನಾಲ್ಕೈದು ಸಾಲು ಇರುತ್ತವೆ. ಕೊನೆಯ ಪುಟದಲ್ಲಿ ಗ್ರಾಫ್ ಹಾಕಿ, ವಕ್ರರೇಖೆ ಚುಕ್ಕೆಗಳ ಮೇಲೆ ಚೆನ್ನಾಗಿ ಕೂತಿದೆ, ಆದ್ದರಿಂದ ಮಾದರಿ ಸರಿ ಎಂದು ಬರೆದು ಮುಗಿಸುತ್ತಾರೆ. ಎರಡನೇ ಪುಟಕ್ಕೂ ಕೊನೆಯ ಪುಟಕ್ಕೂ ಮಾತುಕತೆಯೇ ಇರುವುದಿಲ್ಲ. ಆ ಮಾತುಕತೆ ಹೇಗಿರಬೇಕು ಎಂಬುದನ್ನು ತೋರಿಸಲು ಅಮೆರಿಕದ ಜನಗಣತಿಯಷ್ಟು ಒಳ್ಳೆಯ ಉದಾಹರಣೆ ನನಗೆ ಇನ್ನೊಂದು ಸಿಕ್ಕಿಲ್ಲ.

1920ರಲ್ಲಿ ರೇಮಂಡ್ ಪರ್ಲ್ ಮತ್ತು ಲೋವೆಲ್ ರೀಡ್ ಎಂಬ ಇಬ್ಬರು ವಿಜ್ಞಾನಿಗಳು ಆ ಜನಗಣತಿಗೆ ಒಂದು ವಕ್ರರೇಖೆ ಹೊಂದಿಸಿದರು. ಅದರ ಹಿಂದಿರುವ ಸಮೀಕರಣ ಇಷ್ಟೇ:

dP/dt = rP(1 − P/K)

P ಎಂದರೆ ಜನಸಂಖ್ಯೆ. ಜಾಗ, ಅನ್ನ ಯಾವುದಕ್ಕೂ ಕೊರತೆ ಇಲ್ಲದಿದ್ದರೆ ಅದು ಬೆಳೆಯುವ ದರ r. ನಾಡು ಹೊರಬಲ್ಲ ಗರಿಷ್ಠ ಜನಸಂಖ್ಯೆ K. ಜನ ಕಡಿಮೆ ಇರುವಾಗ ಆವರಣದೊಳಗಿನ ಬೆಲೆ ಹೆಚ್ಚುಕಡಿಮೆ 1 ಇರುತ್ತದೆ, ಬೆಳವಣಿಗೆ ಜೋರಾಗಿರುತ್ತದೆ. P ಏರುತ್ತ K ಹತ್ತಿರ ಬಂದಂತೆ ಅದು ಸೊನ್ನೆಗಿಳಿದು ಬೆಳವಣಿಗೆ ನಿಲ್ಲುತ್ತದೆ.

ಮೂರು ವರ್ಷಗಳ ಗಣತಿ ಸಿಕ್ಕರೆ ಲೆಕ್ಕ ಮುಗಿಯಿತು. 1790ರಲ್ಲಿ 39.3 ಲಕ್ಷ, 1850ರಲ್ಲಿ 2.32 ಕೋಟಿ, 1910ರಲ್ಲಿ 9.20 ಕೋಟಿ. ಈ ಮೂರನ್ನು ಹಾಕಿ ಬಿಡಿಸಿದರೆ r ವರ್ಷಕ್ಕೆ ಸುಮಾರು 0.0313, K 19 ಕೋಟಿ 73 ಲಕ್ಷ ಎಂದು ಬರುತ್ತದೆ. ವಕ್ರರೇಖೆ ಆ ಮೂರು ಚುಕ್ಕೆಗಳ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಹಾಯುತ್ತದೆ. ಎಷ್ಟೋ ವಿದ್ಯಾರ್ಥಿಗಳು ಮೋಸ ಹೋಗುವುದು ಇಲ್ಲೇ. ಗೊತ್ತಿಲ್ಲದ ಸಂಖ್ಯೆಗಳು ಮೂರು (K, r, ಆರಂಭದ ಜನಸಂಖ್ಯೆ), ಕೊಟ್ಟ ಚುಕ್ಕೆಗಳೂ ಮೂರು. ರೇಖೆ ಅವುಗಳ ಮೇಲೆ ಹಾಯಲೇಬೇಕು, ಬೇರೆ ದಾರಿಯೇ ಇಲ್ಲ. ಅದನ್ನು ಮಾದರಿಯ ಗೆಲುವು ಎಂದು ಬರೆಯುವುದು, ಅಳತೆ ಕೊಟ್ಟು ಹೊಲಿಸಿದ ಅಂಗಿ ಮೈಗೆ ಸರಿಹೋಯಿತು ಎಂದು ಅಚ್ಚರಿಪಟ್ಟಂತೆ.

ಇನ್ನು ಪೂರ್ವಕಲ್ಪನೆಗಳು. ‘ವಲಸೆಯನ್ನು ಪರಿಗಣಿಸಿಲ್ಲ’ ಎಂಬ ಒಂದು ಸಾಲನ್ನೇ ನೋಡೋಣ. ಸಮೀಕರಣದಲ್ಲಿ ವಲಸೆಗೆ ಪದವಿಲ್ಲ ಎಂಬುದು ನಿಜ. ಆದರೆ 1901ರಿಂದ 1910ರವರೆಗೆ ಅಮೆರಿಕಕ್ಕೆ ಬಂದಿಳಿದವರು ಸುಮಾರು 88 ಲಕ್ಷ. ಆ ದಶಕದಲ್ಲಿ ಜನಸಂಖ್ಯೆ ಏರಿದ್ದು 1 ಕೋಟಿ 60 ಲಕ್ಷ. ಬಂದವರಲ್ಲಿ ಕೆಲವರು ಮರಳಿ ಹೋದದ್ದನ್ನು ಕಳೆದರೂ ಇದು ಕೈಬಿಡುವಂಥ ಸಂಖ್ಯೆಯಲ್ಲ. ಹಾಗಾದರೆ ಅವರೆಲ್ಲ ಸಮೀಕರಣದಲ್ಲಿ ಎಲ್ಲಿ ಅಡಗಿದ್ದಾರೆ? r ಮತ್ತು K ಒಳಗೆ. ಗಣತಿಯ ಅಂಕಿಗಳಿಂದಲೇ ಅವನ್ನು ಹಿಂಡಿ ತೆಗೆದದ್ದರಿಂದ ಹಡಗಿನಲ್ಲಿ ಬಂದವರೂ ತೊಟ್ಟಿಲಲ್ಲಿ ಹುಟ್ಟಿದವರೂ ಅಲ್ಲಿ ಬೆರೆತುಹೋಗಿದ್ದಾರೆ. ಆದ್ದರಿಂದ ಬರೆಯಬೇಕಾದ ಸಾಲು ಬೇರೆ: ‘ಬೆಳವಣಿಗೆ ದರದಲ್ಲಿ ವಲಸೆಯೂ ಸೇರಿದೆ, ವಲಸೆಯ ಪ್ರಮಾಣ ಥಟ್ಟನೆ ಬದಲಾದರೆ ಈ ಮಾದರಿ ದಾರಿ ತಪ್ಪುತ್ತದೆ.’ ಹೀಗೆ ಬರೆದರೆ ಪರೀಕ್ಷಿಸಲು ಏನಾದರೂ ಸಿಗುತ್ತದೆ. 1924ರಲ್ಲಿ ಅಮೆರಿಕ ಕಾನೂನು ಮಾಡಿ ವಲಸೆಯನ್ನು ಬಿಗಿಯಾಗಿ ಕಡಿತಗೊಳಿಸಿತು. ಅದಾದ ಮೇಲಿನ ಗಣತಿಗಳ ಮೇಲೆ ಕಣ್ಣಿಡಬೇಕು ಎಂದು ನಮ್ಮ ಪೂರ್ವಕಲ್ಪನೆಯೇ ಬೆರಳು ತೋರಿಸುತ್ತದೆ.

K ಬದಲಾಗುವುದಿಲ್ಲ ಎಂಬುದು ಇನ್ನೂ ದೊಡ್ಡ ಕಲ್ಪನೆ. 1790ರ ಅಮೆರಿಕ ಮತ್ತು 1850ರ ಅಮೆರಿಕ ಒಂದೇ ನೆಲವಲ್ಲ. ನಡುವೆ 1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನಾ ಸೀಮೆಯನ್ನು ಕೊಂಡುಕೊಂಡರು, 1848ರಲ್ಲಿ ಮೆಕ್ಸಿಕೋದಿಂದ ಕ್ಯಾಲಿಫೋರ್ನಿಯಾ ಕೈಗೆ ಬಂತು. ಪಾತ್ರೆಯೇ ದೊಡ್ಡದಾಗುತ್ತಿರುವಾಗ ಅದು ಎಷ್ಟು ಹಿಡಿಯುತ್ತದೆ ಎಂದು ಒಂದೇ ಸಂಖ್ಯೆ ಹೇಳುತ್ತಿದ್ದೇವೆ. ಆ ಸಂಖ್ಯೆ ಎಷ್ಟು ಸಡಿಲ ಎಂದು ತಿಳಿಯಲು ಕ್ಯಾಲ್ಕ್ಯುಲೇಟರ್ ಇದ್ದರೆ ಹತ್ತು ನಿಮಿಷ ಸಾಕು. ಹಿಂದಿನ ಮೂರು ವರ್ಷಗಳ ಬದಲು 1820, 1860, 1900 ತೆಗೆದುಕೊಳ್ಳಿ (96.4 ಲಕ್ಷ, 3.14 ಕೋಟಿ, 7.60 ಕೋಟಿ). ದೇಶ ಅದೇ, ಗಣತಿ ಅದೇ, ಸೂತ್ರವೂ ಅದೇ. K ಮಾತ್ರ ಸುಮಾರು 15 ಕೋಟಿಗೆ ಇಳಿಯುತ್ತದೆ. ಚುಕ್ಕೆ ಬದಲಿಸಿದ್ದಕ್ಕೆ ನಾಲ್ಕೂವರೆ ಕೋಟಿಗಿಂತ ಹೆಚ್ಚು ಜನ ಮಾಯ! ಈ ಎರಡನೇ ಲೆಕ್ಕವನ್ನು ಮಾಡದೆ 19,72,70,000 ಎಂದು ಬಿಡಿ ಅಂಕಿಗಳವರೆಗೆ ಬರೆದ ಅಸೈನ್‌ಮೆಂಟ್ ಕಂಡರೆ ನನ್ನ ಕೆಂಪು ಪೆನ್ನು ತಾನಾಗಿ ಮೇಲೇಳುತ್ತದೆ.

ನಿಜವಾದ ತಾಳೆ ನೋಡುವ ಕೆಲಸ ಶುರುವಾಗುವುದು ಮಾದರಿ ಕಟ್ಟುವಾಗ ಬಳಸದ ವರ್ಷಗಳಿಂದ. 1930ಕ್ಕೆ ಮಾದರಿ ಹೇಳುವುದು 12.24 ಕೋಟಿ, ಗಣತಿಯಲ್ಲಿ ಸಿಕ್ಕಿದ್ದು 12.28 ಕೋಟಿ. 1940ಕ್ಕೆ 13.63 ಕೋಟಿ ಎಂದರೆ, ಇದ್ದವರು 13.17 ಕೋಟಿ. 1950ಕ್ಕೆ 14.87 ಕೋಟಿ, ಇದ್ದದ್ದು 15.07 ಕೋಟಿ. ಮೂರರಲ್ಲೂ ವ್ಯತ್ಯಾಸ ನೂರಕ್ಕೆ ನಾಲ್ಕರೊಳಗೆ. ಮೂವತ್ತು ವರ್ಷ ಮುಂದಿನದನ್ನು ಇಷ್ಟು ಹತ್ತಿರ ಹೇಳಿದ ಮಾದರಿಯನ್ನು ಯಾರಾದರೂ ಮೆಚ್ಚಿಯಾರು.

ಆದರೆ ನಾವು ಬರೆದದ್ದು P ಬಗ್ಗೆ ಅಲ್ಲ, dP/dt ಬಗ್ಗೆ. ಸಮೀಕರಣದ ಎಡಬದಿಯಲ್ಲಿರುವುದು ಏರಿಕೆಯ ವೇಗ. ತಾಳೆ ನೋಡಬೇಕಾದ್ದೂ ಅದನ್ನೇ. 1930ರಿಂದ 1940ರ ನಡುವೆ ಮಾದರಿಯ ಪ್ರಕಾರ 1.39 ಕೋಟಿ ಜನ ಹೆಚ್ಚಬೇಕು. ಹೆಚ್ಚಿದ್ದು ಕೇವಲ 89 ಲಕ್ಷ. ಆರ್ಥಿಕ ಕುಸಿತದ ಆ ಕಾಲದಲ್ಲಿ ಜನನ ಕಡಿಮೆಯಾಗಿತ್ತು, ವಲಸೆಯಂತೂ ಬತ್ತಿಹೋಗಿತ್ತು. ಮುಂದಿನ ದಶಕದಲ್ಲಿ 1.24 ಕೋಟಿ ಏರಬೇಕಿತ್ತು, ಏರಿದ್ದು 1.90 ಕೋಟಿ. ಯುದ್ಧ ಮುಗಿದು ಮನೆಮನೆಯಲ್ಲೂ ತೊಟ್ಟಿಲು ತೂಗುತ್ತಿದ್ದ ಕಾಲ ಅದು. ಮೊದಲು ಮಾದರಿ ಹೆಚ್ಚು ಹೇಳಿತು, ಆಮೇಲೆ ಕಡಿಮೆ ಹೇಳಿತು. ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕಿ 1950ರಲ್ಲಿ ಒಟ್ಟು ಮೊತ್ತ ಸರಿಯಿದ್ದಂತೆ ಕಂಡಿತು.

ಇದನ್ನು ಒಂದೇ ನೋಟಕ್ಕೆ ಹಿಡಿಯುವ ಚಿತ್ರವೊಂದಿದೆ. ಸಮೀಕರಣವನ್ನು P ಇಂದ ಭಾಗಿಸಿದರೆ, ತಲಾ ಬೆಳವಣಿಗೆಯು P ಹೆಚ್ಚಿದಂತೆ ಸರಳರೇಖೆಯಲ್ಲಿ ಇಳಿಯಬೇಕು ಎಂದಾಗುತ್ತದೆ. ಅಡ್ಡಕ್ಕೆ ಜನಸಂಖ್ಯೆ, ಮೇಲಕ್ಕೆ ತಲಾ ಬೆಳವಣಿಗೆ ಇಟ್ಟು ಚುಕ್ಕೆ ಹಾಕಬೇಕು. ಚುಕ್ಕೆಗಳು ಏನು ಹೇಳಲಿವೆ ಎಂಬುದು ದಶಕದ ಶೇಕಡಾವಾರು ಏರಿಕೆಯಲ್ಲೇ ಗೊತ್ತಾಗುತ್ತದೆ. 1790ರಿಂದ 1860ರವರೆಗೆ ಅದು ಇಳಿಯುವುದೇ ಇಲ್ಲ, ಶೇ 33 ಮತ್ತು 36ರ ನಡುವೆಯೇ ಓಲಾಡುತ್ತದೆ. ಅಂತರ್ಯುದ್ಧದ ದಶಕದಲ್ಲಿ ಒಮ್ಮೆಲೇ ಶೇ 23ಕ್ಕೆ ಕುಸಿಯುತ್ತದೆ. 1930ರ ದಶಕದಲ್ಲಿ ಶೇ 7. ಅಲ್ಲಿಂದಾಚೆ ಇಳಿಯಬೇಕಾದ್ದು ಶೇ 14ಕ್ಕೆ, ಆಮೇಲೆ ಶೇ 19ಕ್ಕೆ ಏರುತ್ತದೆ. ಒಟ್ಟು ಜನಸಂಖ್ಯೆಯ ನುಣುಪಾದ ಗ್ರಾಫ್‌ನಲ್ಲಿ ಕಾಣದ ಬಿರುಕು ಇಲ್ಲಿ ಎದ್ದು ಕಾಣುತ್ತದೆ. 1960ಕ್ಕೆ ಮಾದರಿ 15.9 ಕೋಟಿ ಎಂದರೆ, ಇದ್ದವರು 17.9 ಕೋಟಿ. 1970ರ ಗಣತಿ 20 ಕೋಟಿ ದಾಟಿತು. ದಾಟಲಾಗದ ಗಡಿಯೆಂದು ಗುರುತಿಸಿದ್ದ K ಹಿಂದೆ ಉಳಿಯಿತು. 2020ರಲ್ಲಿ ಲೆಕ್ಕಕ್ಕೆ ಸಿಕ್ಕವರು 33 ಕೋಟಿ.

ಇಷ್ಟಾದ ಮೇಲೆ ಮಾದರಿಯನ್ನು ಕಸದಬುಟ್ಟಿಗೆ ಹಾಕಬೇಕಿಲ್ಲ. ಯಾವ ಪೂರ್ವಕಲ್ಪನೆ ಯಾವ ವರ್ಷದ ಸುಮಾರಿಗೆ ಮುರಿಯಿತು, ತಪ್ಪು ಯಾವ ಕಡೆಗೆ ವಾಲಿತು ಎಂದು ಬರೆದರೆ ಪೂರ್ಣಾಂಕ ಕೊಡಲು ನನಗೆ ಅಡ್ಡಿಯಿಲ್ಲ. ಈ ಸಮೀಕರಣವನ್ನು 1838ರಲ್ಲಿ ಮೊದಲು ಬರೆದ ಬೆಲ್ಜಿಯಂನ ಪಿಯರ್ ಫ್ರಾನ್ಸ್ವಾ ವೆರ್ಹುಲ್ಸ್ಟ್ ಕೂಡ ಹಾಗೇ ಮಾಡಿದ. 1845ರಲ್ಲಿ ತನ್ನ ದೇಶದ ಮಿತಿ ಸುಮಾರು 66 ಲಕ್ಷ ಎಂದು ಲೆಕ್ಕ ಹಾಕಿದ. ಎರಡು ವರ್ಷ ಕಳೆದು, ಜನ ಹೆಚ್ಚಿದಂತೆ ಬೆಳವಣಿಗೆಗೆ ಅಡ್ಡಿ ಹೇಗೆ ಹೆಚ್ಚುತ್ತದೆ ಎಂಬ ಒಂದು ಕಲ್ಪನೆಯನ್ನು ಬದಲಿಸಿ ಮತ್ತೆ ಲೆಕ್ಕಕ್ಕೆ ಕೂತ. ಈ ಸಲ ಬಂದದ್ದು ಸುಮಾರು 94 ಲಕ್ಷ. ಈಗ ಆ ದೇಶದಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ.