ಶೀರ್ಷಿಕೆ ಹೇಳಿದ್ದನ್ನು ಮೊದಲ ಮಾತೂ ಹೇಳಲಿ

ಮುಂಗಾರು ಹತ್ತಿರ ಬಂದಿದೆ. ತೋಟಕ್ಕೆ ಬೋರ್ಡೋ ಹೊಡೆಸಬೇಕು. ಕೊನೆಗಾರ ನಾಳೆ ಬೆಳಿಗ್ಗೆ ಬರುತ್ತೇನೆ ಅಂದಿದ್ದಾನೆ. ವರ್ಷಕ್ಕೆ ಎರಡು ಸಲ ಮಾತ್ರ ಮಾಡುವ ಕೆಲಸವಾದ್ದರಿಂದ ಅಳತೆ ಸರಿಯಾಗಿ ನೆನಪಿರುವುದಿಲ್ಲ. ಬೆಳೆಗಾರ ಫೋನ್ ತೆಗೆದು ಯೂಟ್ಯೂಬಿನಲ್ಲಿ ಹುಡುಕುತ್ತಾನೆ. ‘ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ವಿಧಾನ’ ಎಂಬ ವಿಡಿಯೋ ಕಣ್ಣಿಗೆ ಬೀಳುತ್ತದೆ. ತೆರೆದರೆ ಮೊದಲು ಡ್ರೋನಿನಿಂದ ತೆಗೆದ ತೋಟದ ದೃಶ್ಯ, ಹಿಂದೆ ಸಂಗೀತ. ಆಮೇಲೆ ಚಾನೆಲ್ಲಿನ ಲೋಗೋ ತಿರುಗುತ್ತದೆ. ಆಮೇಲೆ ನಮಸ್ಕಾರ, ಹೋದ ವಿಡಿಯೋಗೆ ಸಿಕ್ಕ ಪ್ರೋತ್ಸಾಹಕ್ಕೆ ಧನ್ಯವಾದ, ‘ಇವತ್ತು ಬಹಳ ಮುಖ್ಯವಾದ ವಿಷಯ ತಂದಿದ್ದೇನೆ, ಕೊನೆಯವರೆಗೂ ನೋಡಿ’ ಎಂಬ ವಿನಂತಿ. ಪರದೆಯ ಮೇಲೆ ದೊಡ್ಡಕ್ಷರದಲ್ಲಿ ‘ಅಡಿಕೆ ಬೆಳೆಗಾರರಿಗೆ ಸಿಹಿ ಸುದ್ದಿ’. ಮುಕ್ಕಾಲು ನಿಮಿಷ ಕಳೆದರೂ ಬೋರ್ಡೋ ಎಂಬ ಪದ ಕಿವಿಗೂ ಬಿದ್ದಿಲ್ಲ, ಕಣ್ಣಿಗೂ ಬಿದ್ದಿಲ್ಲ. ಆ ಹೊತ್ತಿಗೆ ಬೆಳೆಗಾರ ಬೇರೆ ವಿಡಿಯೋಗೆ ಹೋಗಿರುತ್ತಾನೆ.

ಇದು ಉದಾಹರಣೆಗೆಂದು ಕಟ್ಟಿಕೊಂಡ ವಿಡಿಯೋ. ಆದರೆ ಇಂಥ ಆರಂಭವನ್ನು ನೋಡದ ಕನ್ನಡಿಗರು ಕಡಿಮೆ. ಇಲ್ಲಿ ದುಃಖದ ಸಂಗತಿಯೆಂದರೆ ಮುಂದಿನ ಭಾಗದಲ್ಲಿ ವಿಷಯ ಚೆನ್ನಾಗಿಯೇ ಇರಬಹುದು. ಮಾಡಿ ಬಲ್ಲವನೇ ಕ್ಯಾಮೆರಾ ಮುಂದೆ ನಿಂತಿರಬಹುದು. ಬೇಕಾದವನಿಗೆ ಅದು ತಲುಪಲಿಲ್ಲ.

ವಿಡಿಯೋ ಏರಿಸುವಾಗ ಅದರ ಜೊತೆ ಕೊಡುವ ಶೀರ್ಷಿಕೆ, ವಿವರಣೆ, ಟ್ಯಾಗ್‌ಗಳನ್ನು ಒಟ್ಟಾಗಿ ಮೆಟಾಡೇಟಾ ಅನ್ನುತ್ತಾರೆ. ಯೂಟ್ಯೂಬಿನಲ್ಲಿ ಶೀರ್ಷಿಕೆಗೆ 100 ಅಕ್ಷರ, ವಿವರಣೆಗೆ 5,000 ಅಕ್ಷರದವರೆಗೆ ಜಾಗವಿದೆ. ಟ್ಯಾಗ್‌ಗಳ ಪಾತ್ರ ತೀರಾ ಚಿಕ್ಕದು, ಜನ ಕಾಗುಣಿತ ತಪ್ಪಿ ಹುಡುಕುವ ಪದಗಳಿಗಷ್ಟೇ ಅವು ಉಪಯೋಗ ಎಂದು ಕಂಪನಿಯೇ ಹೇಳುತ್ತದೆ. ಹುಡುಕಾಟದ ಫಲಿತಾಂಶ ಜೋಡಿಸುವಾಗ ಶೀರ್ಷಿಕೆ, ಟ್ಯಾಗ್, ವಿವರಣೆಗಳ ಜೊತೆಗೆ ವಿಡಿಯೋದ ಒಳಗಿನ ವಿಷಯವೂ ಹುಡುಕಿದ ಮಾತಿಗೆ ಎಷ್ಟು ಹೊಂದುತ್ತದೆ ಎಂದು ನೋಡುತ್ತೇವೆ ಎಂದೂ ಅದು ತಿಳಿಸಿದೆ. ಜನ ಎಷ್ಟು ಹೊತ್ತು ನೋಡಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೊದಲ ಕೆಲವು ಸೆಕೆಂಡುಗಳು ಎರಡು ಕಡೆ ಕೆಲಸ ಮಾಡುತ್ತವೆ. ನೋಡುವವನು ತಾನು ಸರಿಯಾದ ಜಾಗಕ್ಕೆ ಬಂದೆನೋ ಇಲ್ಲವೋ ಎಂದು ತೀರ್ಮಾನಿಸುವುದು ಅಲ್ಲೇ. ಅವನು ಉಳಿದನೋ ಹೋದನೋ ಎಂಬುದನ್ನು ಯಂತ್ರ ಗುರುತು ಹಾಕಿಕೊಳ್ಳುವುದೂ ಅಲ್ಲೇ. ಬಸ್ಸಿನ ಮುಂದೆ ಶಿರಸಿ ಎಂದು ಬೋರ್ಡು ಹಾಕಿ ಕಂಡಕ್ಟರ್ ಬಾಗಿಲಲ್ಲಿ ನಿಂತು ಸಾಗರ ಸಾಗರ ಎಂದು ಕೂಗಿದರೆ ಎರಡೂ ಊರಿನವರು ಹತ್ತುವುದಿಲ್ಲ.

ಈಗ ಆ ವಿಡಿಯೋವನ್ನೇ ತಿದ್ದೋಣ. ತಿದ್ದುವ ಮುಂಚೆ ಶೀರ್ಷಿಕೆಯಲ್ಲಿ ಎಷ್ಟು ಸಂಗತಿ ಇದೆ ನೋಡಿ: ಬೆಳೆ ಅಡಿಕೆ, ತೊಂದರೆ ಕೊಳೆ ರೋಗ, ಪರಿಹಾರ ಬೋರ್ಡೋ ದ್ರಾವಣ, ಕೆಲಸ ತಯಾರಿ. ಈ ನಾಲ್ಕೂ ಮೊದಲ ವಾಕ್ಯದಲ್ಲೇ ಬಂದುಬಿಡಬೇಕು. ಹೀಗೆ ಹೇಳಬಹುದು: ‘ಅಡಿಕೆ ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಮಾಡಿ ತೋರಿಸ್ತೀನಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಯಾವುದನ್ನ ಯಾವುದಕ್ಕೆ ಸುರೀಬೇಕು ಅನ್ನೋದರಲ್ಲೇ ತಪ್ಪಾಗೋದು.’ ಅವಸರವಿಲ್ಲದೆ ಹೇಳಿದರೂ ಹನ್ನೆರಡು ಸೆಕೆಂಡು ಸಾಕು. ನಮಸ್ಕಾರ, ಹೆಸರು, ಊರು ಎಲ್ಲವೂ ಇದರ ನಂತರ ಬರಲಿ. ಯಾರಿಗೂ ಅಗೌರವವಾಗುವುದಿಲ್ಲ. ಅವಸರದಲ್ಲಿರುವವನ ಹೊತ್ತನ್ನು ಉಳಿಸುವುದೇ ದೊಡ್ಡ ಗೌರವ.

ಆ ಮಾತು ಕೇಳುವಾಗ ಪರದೆಯಲ್ಲಿ ಡ್ರೋನ್ ಬೇಡ. ಎರಡು ಪ್ಲಾಸ್ಟಿಕ್ ಡ್ರಮ್ ಕಾಣಲಿ, ಒಂದರಲ್ಲಿ ನೀಲಿ ತುತ್ತದ ನೀರು, ಇನ್ನೊಂದರಲ್ಲಿ ಬಿಳಿ ಸುಣ್ಣದ ನೀರು. ಮೇಲೆ ಬರೆಯುವ ಅಕ್ಷರ ಇಷ್ಟೇ: ‘ಅಡಿಕೆ ಕೊಳೆ ರೋಗ’, ಅದರ ಕೆಳಗೆ ‘1% ಬೋರ್ಡೋ, 100 ಲೀಟರ್’. ಬಾಯಿ ಪೂರ್ತಿ ವಾಕ್ಯ ಹೇಳುತ್ತದೆ, ಪರದೆ ಹೆಸರು ಮತ್ತು ಅಳತೆಯನ್ನು ಹಿಡಿದು ನಿಲ್ಲಿಸುತ್ತದೆ. ಹೇಳಿದ್ದನ್ನೆಲ್ಲ ಪರದೆಯ ಮೇಲೂ ಬರೆದರೆ ಓದುವುದಾ ಕೇಳುವುದಾ ಎಂದು ಗೊಂದಲವಾಗುತ್ತದೆ. ಐದಾರು ಪದಕ್ಕಿಂತ ಹೆಚ್ಚು ಬೇಡ, ನಾಲ್ಕು ಸೆಕೆಂಡಿಗಿಂತ ಮುಂಚೆ ತೆಗೆಯುವುದೂ ಬೇಡ. ಯೂಟ್ಯೂಬಿನ ಮುಖಪುಟದಲ್ಲಿ ಎಷ್ಟೋ ಸಲ ವಿಡಿಯೋ ದನಿಯಿಲ್ಲದೆ ತಾನಾಗಿ ಓಡತೊಡಗುತ್ತದೆ. ಆಗ ಮಾತಾಡುವುದು ಆ ಅಕ್ಷರ ಮಾತ್ರ.

ಎಚ್ಚರ ಬೇಕಾದದ್ದು ಹೆಸರುಗಳ ವಿಷಯದಲ್ಲಿ. ಕೊಳೆ ರೋಗವನ್ನು ಮಹಾಳಿ ಎಂದೂ ಕರೆಯುತ್ತಾರೆ. ಒಂದು ಕಡೆ ‘ಬೋರ್ಡೋ ಹೊಡೆಯುವುದು’ ಅಂದರೆ ಇನ್ನೊಂದು ಕಡೆ ‘ಮದ್ದು ಬಿಡುವುದು’. ಶೀರ್ಷಿಕೆಯಲ್ಲಿ ಕೊಳೆ ರೋಗ ಎಂದು ಬರೆದು, ಪರದೆಯ ಮೇಲೆ ಮಹಾಳಿ ಎಂದು ಹಾಕಿ, ಬಾಯಲ್ಲಿ ‘ಈ ಕಾಯಿಲೆ’ ಎಂದಷ್ಟೇ ಹೇಳಿದರೆ ಮೂರೂ ಸರಿಯಾಗಿದ್ದರೂ ನೋಡುವವನಿಗೆ ಅವು ಒಂದೇ ಎಂದು ಖಾತ್ರಿಯಾಗುವುದಿಲ್ಲ. ಶೀರ್ಷಿಕೆಯ ಹೆಸರನ್ನೇ ಮೊದಲು ಹೇಳಿ, ಬರೆದು, ಆಮೇಲೆ ಒಂದು ಸಲ ‘ಕೆಲವು ಕಡೆ ಮಹಾಳಿ ಅಂತೀರಲ್ಲ, ಅದೇ ಇದು’ ಎಂದು ಸೇರಿಸಿದರೆ ಎರಡೂ ಸೀಮೆಯವರು ಉಳಿಯುತ್ತಾರೆ. ಆ ಎರಡನೇ ಹೆಸರು ವಿವರಣೆಯ ಮೊದಲ ಸಾಲಿನಲ್ಲೂ ಇರಲಿ.

ಹೆಸರು ತಪ್ಪಿದರೆ ಆಗುವ ಹಾನಿ ಬರೀ ನೋಟದ ಲೆಕ್ಕದ್ದಲ್ಲ. ಅಡಿಕೆಗೆ ಸುಳಿ ಕೊಳೆ ಎಂಬ ಬೇರೆ ತೊಂದರೆ ಇದೆ, ಎಲೆ ಚುಕ್ಕೆ ರೋಗ ಇನ್ನೂ ಬೇರೆ. ಪರದೆಯ ಮೇಲೆ ಬರೀ ‘ಕೊಳೆ’ ಎಂದು ಹಾಕಿದರೆ ಸುಳಿ ಕೊಳೆತ ಮರದ ಚಿಂತೆಯಲ್ಲಿರುವವನೂ ಬಂದು ಕೂರುತ್ತಾನೆ. ಎಲೆ ಚುಕ್ಕೆಯನ್ನು ಜನ ಹೆಚ್ಚು ಹುಡುಕುತ್ತಿದ್ದಾರೆಂದು ಅದನ್ನೂ ಶೀರ್ಷಿಕೆಗೆ ತುರುಕಿ, ಒಳಗೆ ಅದರ ಬಗ್ಗೆ ಒಂದು ಮಾತೂ ಆಡದಿದ್ದರೆ ಅದು ಮೋಸವೇ. ವಿಡಿಯೋದಲ್ಲಿ ಇಲ್ಲದ್ದನ್ನು ಇದೆ ಎಂದು ನಂಬಿಸುವ ಶೀರ್ಷಿಕೆ, ವಿವರಣೆಗಳನ್ನು ಯೂಟ್ಯೂಬಿನ ನಿಯಮವೂ ಒಪ್ಪುವುದಿಲ್ಲ.

ಕನ್ನಡಕ್ಕೇ ಸೇರಿದ ಒಂದು ತಾಂತ್ರಿಕ ತೊಡಕನ್ನೂ ಹೇಳಬೇಕು. ಪರದೆಯ ಮೇಲಿನ ಅಕ್ಷರ ಚಿತ್ರವಾಗಿ ಹೋಗುವುದರಿಂದ ಹಳೆಯ ನುಡಿ, ಬರಹ ಫಾಂಟಿನಲ್ಲಿ ಬರೆದರೂ ಕಾಣುತ್ತದೆ. ಆದರೆ ಅದನ್ನೇ ನಕಲು ಮಾಡಿ ಶೀರ್ಷಿಕೆಗೆ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಅಲ್ಲಿ ಯೂನಿಕೋಡೇ ಬೇಕು. ಇನ್ನು ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಎರಡು ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗಿ ‘ದ್ರಾವಣ’ ಓದಲು ಬಾರದಂತಾಗುತ್ತದೆ. ಅಡ್ಡ ವಿಡಿಯೋ ಬಿಟ್ಟು ಶಾರ್ಟ್ಸ್ ಮಾಡುವವರು ಇನ್ನೊಂದು ನೋಡಿಕೊಳ್ಳಬೇಕು: ಪರದೆಯ ಕೆಳಭಾಗವನ್ನು ಚಾನೆಲ್ ಹೆಸರು ಮತ್ತು ಶೀರ್ಷಿಕೆ ಮುಚ್ಚುತ್ತವೆ, ಬಲ ಅಂಚನ್ನು ಲೈಕ್, ಕಾಮೆಂಟ್ ಗುಂಡಿಗಳು ಮುಚ್ಚುತ್ತವೆ. ರೋಗದ ಹೆಸರನ್ನು ಅಲ್ಲಿ ಬರೆದರೆ ಬರೆಯದಂತೆಯೇ.

ಮಾತಿಗೂ ಇಂಥ ಪರೀಕ್ಷೆ ಇದೆ. ತೋಟದಲ್ಲಿ ಗಾಳಿ ಬೀಸುತ್ತಿರುತ್ತದೆ, ಪಕ್ಕದಲ್ಲಿ ಪಂಪು ಓಡುತ್ತಿರುತ್ತದೆ, ಅದರ ಮೇಲೆ ನಾವೇ ಸಂಗೀತ ಸುರಿಯುತ್ತೇವೆ. ಗೂಗಲ್ 2017ರಲ್ಲೇ ಕನ್ನಡಕ್ಕೆ ಧ್ವನಿ ಟೈಪಿಂಗ್ ಕೊಟ್ಟಿತು. ಒಂದು ಫೋನಿನಲ್ಲಿ ವಿಡಿಯೋದ ಆರಂಭ ಹಾಕಿ, ಇನ್ನೊಂದು ಫೋನಿನಲ್ಲಿ ಧ್ವನಿ ಟೈಪಿಂಗ್ ತೆರೆದು ಹಿಡಿಯಿರಿ. ‘ಕೊಳೆ ರೋಗ’, ‘ಬೋರ್ಡೋ’ ಸರಿಯಾಗಿ ಮೂಡಿದರೆ ಮಾತು ಸ್ಪಷ್ಟವಾಗಿದೆ ಎಂದು ನಂಬಬಹುದು. ‘ಬೋರ್ಡೋ’ ಹೋಗಿ ‘ಬೋರ್ಡು’ ಬಂದರೆ ತಪ್ಪು ಯಂತ್ರದ್ದೂ ಇರಬಹುದು, ಆದರೆ ಸಂಗೀತ ತೆಗೆದು ಇನ್ನೊಮ್ಮೆ ನೋಡುವುದು ಒಳ್ಳೆಯದು. ಸಬ್‌ಟೈಟಲನ್ನು ನಾವೇ ಬರೆದು ಏರಿಸುವ ದಾರಿಯೂ ಇದೆ. ಸಾದಾ ಅಕ್ಷರದ ಕಡತದಲ್ಲಿ ಹೀಗೆ ಬರೆದು `.srt` ಎಂದು ಉಳಿಸಿದರಾಯಿತು:

```
1
00:00:00,300 --> 00:00:04,800
ಅಡಿಕೆ ಕೊಳೆ ರೋಗಕ್ಕೆ ಹೊಡೆಯೋ
ಬೋರ್ಡೋ ದ್ರಾವಣ ಮಾಡಿ ತೋರಿಸ್ತೀನಿ.
```

ಮೇಲಿನ ಸಾಲು ಮಾತು ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆ ಎಂಬ ಹೊತ್ತು. ಆಡಿದ ಮಾತನ್ನೇ ಬರೆಯಬೇಕು. ಆಡದ ಪದಗಳನ್ನು ಹುಡುಕಾಟಕ್ಕೆಂದು ಇಲ್ಲಿ ಸೇರಿಸಿದರೆ ಕಿವಿ ಕೇಳಿಸದೆ ಇದನ್ನೇ ನೆಚ್ಚಿದವರಿಗೆ ಅನ್ಯಾಯವಾಗುತ್ತದೆ.

ಮುಗಿಸಿದ ಮೇಲೆ ಶೀರ್ಷಿಕೆ ಗೊತ್ತಿಲ್ಲದ ಒಬ್ಬರಿಗೆ ಮೊದಲ ಹತ್ತು ಸೆಕೆಂಡನ್ನು ದನಿ ಮುಚ್ಚಿ ತೋರಿಸಿ. ಇನ್ನೊಬ್ಬರಿಗೆ ಪರದೆ ತೋರಿಸದೆ ಕೇಳಿಸಿ. ಇದು ಯಾವುದರ ಬಗ್ಗೆ ಎಂದು ಕೇಳಿ. ನೋಡಿದವರು ‘ತೋಟದ್ದು’ ಎಂದು, ಕೇಳಿದವರು ‘ಏನೋ ಔಷಧಿ’ ಎಂದು ಹೇಳಿದರೆ ಇನ್ನೂ ತಿದ್ದಬೇಕು. ಇಬ್ಬರೂ ‘ಅಡಿಕೆಗೆ ಬೋರ್ಡೋ ಮಾಡೋದು’ ಎಂದರೆ ಏರಿಸಬಹುದು.

ಏರಿಸಿದ ನಂತರ ಯೂಟ್ಯೂಬ್ ಸ್ಟುಡಿಯೋ ಎರಡು ಸುಳಿವು ಕೊಡುತ್ತದೆ. ಒಂದು, 30ನೇ ಸೆಕೆಂಡಿನಲ್ಲಿ ನೂರಕ್ಕೆ ಎಷ್ಟು ಮಂದಿ ಇನ್ನೂ ನೋಡುತ್ತಿದ್ದರು ಎಂಬ ಅಂಕಿ. ಇನ್ನೊಂದು, ಜನ ಯಾವ ಪದ ಹುಡುಕಿ ಬಂದರು ಎಂಬ ಪಟ್ಟಿ. ಇವೆರಡನ್ನೂ ಕೂಡಿಸಿ ಓದಬೇಕು. ‘ಬೋರ್ಡೋ ದ್ರಾವಣ’ ಎಂದೇ ಹುಡುಕಿ ಬಂದವರು ಮೊದಲ ಹತ್ತು ಸೆಕೆಂಡಿನಲ್ಲೇ ಸಾಲಾಗಿ ಹೋಗಿದ್ದರೆ ಶೀರ್ಷಿಕೆ ಸರಿಯಿದೆ, ಆರಂಭ ಕೆಟ್ಟಿದೆ. ಬಂದವರು ‘ಎಲೆ ಚುಕ್ಕೆ ರೋಗ’ ಹುಡುಕಿದವರಾಗಿದ್ದರೆ ಆರಂಭವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಶೀರ್ಷಿಕೆ, ವಿವರಣೆಗಳು ಬೇರೆ ಜನರನ್ನು ಕರೆಯುತ್ತಿವೆ. ಆರಂಭದಲ್ಲಿ ಉಳಿದವರು ಎರಡನೇ ನಿಮಿಷದಲ್ಲಿ ಎದ್ದು ಹೋಗುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಮೊದಲ ಸೆಕೆಂಡುಗಳಲ್ಲಿ ಅದಕ್ಕೆ ಮದ್ದಿಲ್ಲ.

ಆಗಲೇ ಏರಿಸಿಬಿಟ್ಟ ವಿಡಿಯೋವನ್ನು ಅದೇ ಕೊಂಡಿಯಲ್ಲಿ ಬದಲಿಸಲು ಯೂಟ್ಯೂಬ್ ಬಿಡುವುದಿಲ್ಲ. ಹೊಸ ಅಕ್ಷರ ಸೇರಿಸಲೂ ಆಗುವುದಿಲ್ಲ. ಆದರೆ ಸ್ಟುಡಿಯೋದ ಎಡಿಟರಿನಲ್ಲಿ ಮುಂಭಾಗವನ್ನು ಕತ್ತರಿಸಬಹುದು. ಡ್ರೋನ್, ಲೋಗೋ, ಧನ್ಯವಾದಗಳ ಮುಕ್ಕಾಲು ನಿಮಿಷ ತೆಗೆದರೆ ‘ಬೋರ್ಡೋ’ ಎಂಬ ಮಾತಿನಿಂದಲೇ ವಿಡಿಯೋ ಶುರುವಾಗುತ್ತದೆ, ಹಳೆಯ ನೋಟಗಳ ಲೆಕ್ಕವೂ ಕೊಂಡಿಯೂ ಉಳಿಯುತ್ತವೆ. ಕತ್ತರಿಸಿದ ಮೇಲೆ ವಿವರಣೆಯಲ್ಲಿ ಹೊತ್ತು ಹಾಕಿ ಗುರುತಿಸಿದ ಭಾಗಗಳಿದ್ದರೆ ಅವನ್ನೂ ಅಷ್ಟೇ ಹಿಂದಕ್ಕೆ ಸರಿಸಬೇಕು. ಕೆಲವೊಮ್ಮೆ ಹಾಗೆ ಕತ್ತರಿಸಲು ಕೂತಾಗ, ವಿಡಿಯೋದ ಬಹುಭಾಗ ದ್ರಾವಣ ಸರಿಯಾಗಿದೆಯೇ ಎಂದು ಕಬ್ಬಿಣದ ಚಾಕು ಅದ್ದಿ ನೋಡುವುದರ ಬಗ್ಗೆಯೇ ಇದೆ ಎಂದು ಗೊತ್ತಾಗುತ್ತದೆ. ಚಾಕುವಿನ ಮೇಲೆ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಎಂಬ ಆ ಪಾಠವೂ ಬೆಳೆಗಾರನಿಗೆ ಬೇಕಾದದ್ದೇ. ಆಗ ವಿಡಿಯೋವನ್ನು ಶೀರ್ಷಿಕೆಗೆ ಎಳೆಯುವುದು ಬಿಟ್ಟು, ‘ಬೋರ್ಡೋ ದ್ರಾವಣ ಸರಿಯಾಗಿದೆಯೇ? ಚಾಕು ಅದ್ದಿ ನೋಡುವ ವಿಧಾನ’ ಎಂದು ಶೀರ್ಷಿಕೆಯನ್ನೇ ಬದಲಿಸಿ, ಚಾಕು ಅದ್ದುವ ಮಾತಿನಿಂದ ವಿಡಿಯೋ ಶುರುವಾಗುವಂತೆ ಕತ್ತರಿಸುವುದು ಸರಿ.